ಅಪ್‌ಡೇಟ್: ಮುಖಪುಟದ ಚಿನ್ನದ ಫಾಯಿಲ್ ಉಪಶೀರ್ಷಿಕೆ ಬದಲಾಯಿತು

ನನ್ನ ಪ್ರಶ್ನೆ: ಮುಖಪುಟದ ಫೋಟೊದಲ್ಲಿ ‘ಆಯ್ದ ಕಥೆಗಳು’ ಎಂಬುದನ್ನು ‘ಆಯ್ದ ಪ್ರಬಂಧಗಳು’ ಎಂದು ಮಾಡಬೇಕು. ಕಾಗದದ ತರಿಯೂ ಫಾಯಿಲ್ ಹೊಳಪೂ ಕೆಡದಂತೆ ಹೇಗೆ?

ಕೆಲಸ ಮುಗಿಯಿತು. ಫೋಟೊಶಾಪ್‌ನಲ್ಲಿ ಖಾಲಿ ಲೇಯರ್ ಸೇರಿಸಿ, ಹಳೆಯ ಅಕ್ಷರಗಳನ್ನು ಕ್ಲೋನ್ ಸ್ಟ್ಯಾಂಪ್‌ನಿಂದ ಮುಚ್ಚಿದೆ. ಹೀಲಿಂಗ್ ಬ್ರಷ್ ಅಂಚಿನ ಚಿನ್ನದ ಬಣ್ಣವನ್ನು ಎಳೆದುಕೊಂಡು ಹಳದಿ ಮಬ್ಬು ಬಿಡುತ್ತದೆ. ಮಾದರಿಯನ್ನು ಅಕ್ಷರದ ಪಕ್ಕದಿಂದಲೇ ಎತ್ತಿಕೊಳ್ಳಬೇಕು. ಎಡದಿಂದ ಬಲಕ್ಕೆ ಬೆಳಕು ಕುಗ್ಗುವ ಚಿತ್ರದಲ್ಲಿ ದೂರದ ತುಂಡು ತೇಪೆ ಹಾಕಿದಂತೆ ಕಾಣುತ್ತದೆ.

ಸಿದ್ಧ ‘ಗೋಲ್ಡ್’ ಸ್ಟೈಲ್‌ಗಳ ಸಹವಾಸವೇ ಬೇಡ. ಮೇಲಿನ ಶೀರ್ಷಿಕೆಯ ಹೊಳಪು ಮತ್ತು ನೆರಳುಗಳಿಂದಲೇ ಬಣ್ಣ ಆರಿಸಿ ಗ್ರೇಡಿಯಂಟ್ ಮಾಡಿದೆ. ಅದನ್ನು ಇಡೀ ಸಾಲಿಗೆ ಒಂದೇ ಪಟ್ಟಿಯಾಗಿ ಹಾಸಿ, ಹೊಸ ಅಕ್ಷರಗಳಿಗೆ ಕ್ಲಿಪ್ ಮಾಡಿದೆ. ಒಂದೊಂದು ಅಕ್ಷರಕ್ಕೂ ಬೇರೆ ಹೊಳಪು ಬಂದರೆ ಕೈಚಳಕ ತಕ್ಷಣ ಬಯಲಾಗುತ್ತದೆ. ಬಳಿಕ ತೆರವಾದ ಕಾಗದದ ಪ್ರತಿಯ ಬಣ್ಣ ತೆಗೆದು, 2 ಪಿಕ್ಸೆಲ್ ಹೈ ಪಾಸ್ ಹಾಕಿ, ಅಕ್ಷರಗಳ ಮೇಲೆ ಓವರ್‌ಲೇ ಆಗಿ ಮಂದವಾಗಿ ಇಟ್ಟೆ. ತರಿ ಫಾಯಿಲ್‌ನೊಳಗೂ ಸಣ್ಣಗೆ ಮೂಡಿತು.

ಹಳೆಯ ಫೋಟೊಶಾಪ್ ಆವೃತ್ತಿಯಲ್ಲಿ ‘ಪ್ರ’ ಬಿಡಿಬಿಡಿಯಾಗಿ ಮೂಡಿದರೆ ಟೈಪ್ ಪ್ರಿಫರೆನ್ಸ್‌ನಲ್ಲಿ `World-Ready Layout` ಆರಿಸಿ, ಹೊಸ ಫೈಲಿನಲ್ಲಿ ಬೆರಳಚ್ಚಿಸಿ ನೋಡಿ.