ಮೂರು ಮರಿಗೂ ಸೀನು, ಕಣ್ಣಲ್ಲಿ ಗೀಜು. ಡ್ರಾಪ್ಸ್ ಹಾಕಿದ್ರೂ ಜಾಸ್ತಿ ಆಗ್ತಿದೆ

ಮಲೆನಾಡ_ಮಾರ್ಜಾಲ
ಸಾಕಾಗಿ ಹೋಗಿದೆ. ಮೂರು ಬೆಕ್ಕಿನ ಮರಿ ಇವೆ, ಮೂರೂ ಸೀನುತ್ತಿವೆ. ಬೆಳಿಗ್ಗೆ ನೋಡಿದರೆ ಕಣ್ಣು ಅಂಟಿಕೊಂಡಿರುತ್ತೆ, ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಅದೇ. ನಾಲ್ಕು ದಿನದಿಂದ ಡ್ರಾಪ್ಸ್ ಹಾಕ್ತಿದ್ದೀನಿ, ಒಂದು ಚೂರೂ ಕಡಿಮೆ ಆಗಿಲ್ಲ. ಒಂದರ ಕಣ್ಣಂತೂ ಈಗ ಪೂರ್ತಿ ತೆರೆಯುವುದೇ ಇಲ್ಲ. ಬೇರೆ ಯಾವ ಡ್ರಾಪ್ಸ್ ಹಾಕಬಹುದು? ಬೇಗ ಹೇಳಿ.

ಪುಟ್ಟಿಮನೆ
ಲಿಟ್ಟರ್ ಯಾವುದು ಹಾಕ್ತೀರಿ? ಬೆಂಟೊನೈಟ್ ಆದರೆ ಅದರ ಧೂಳೇ ಕಾರಣ. ಮರಿಗಳ ಮೂಗು ನೆಲಕ್ಕೆ ಎರಡು ಇಂಚು ಮೇಲೆ ಇರುತ್ತೆ, ಕೆರೆದಾಗ ಎದ್ದ ಧೂಳೆಲ್ಲ ಒಳಗೆ ಹೋಗುತ್ತೆ. ಮೊದಲು ಅದನ್ನು ಎಸೆದು ಮರದ ಪೆಲೆಟ್ ಹಾಕಿ, ಎರಡು ದಿನ ನೋಡಿ.

ನಾಗು_ಎಚ್
ಇದು ಬೆಕ್ಕಿನ ನೆಗಡಿ, ವೈರಸ್ಸು. ಔಷಧಿಯೇ ಬೇಡ, ಹತ್ತು ದಿನಕ್ಕೆ ತಾನೇ ಹೋಗುತ್ತೆ. ಲೈಸೀನ್ ಪೇಸ್ಟ್ ಕೊಡಿ ಸಾಕು. ಮನೆ ಫಿನಾಯಿಲ್ ಹಾಕಿ ಒರೆಸಿ, ಹರಡುವುದು ನಿಲ್ಲುತ್ತೆ.

ವಸುಧಾ_ಮರಿಮನೆ
ಮಲೆನಾಡ ಅವರೇ, ಬೇರೆ ಡ್ರಾಪ್ಸ್ ಹೆಸರು ಹೇಳುವ ಮೊದಲು ಈಗ ಹಾಕುತ್ತಿರುವುದು ಯಾವುದು ಅಂತ ಬಾಟಲಿ ನೋಡಿ ಬರೆಯಿರಿ. ಅದರ ಜೊತೆಗೆ ಮರಿಗಳಿಗೆ ಎಷ್ಟು ವಾರ, ತೂಕ ಎಷ್ಟು, ತಾಯಿ ಇದೆಯಾ, ಮೊದಲು ಯಾವುದಕ್ಕೆ ಬಂತು, ತಿನ್ನುತ್ತಿವೆಯಾ? ಇಷ್ಟು ಗೊತ್ತಾಗದೆ ಯಾರು ಏನು ಹೇಳಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ನಾಗು ಅವರೇ, ಫಿನಾಯಿಲ್ ಮಾತ್ರ ಬೇಡವೇ ಬೇಡ. ಬೆಕ್ಕಿನ ಲಿವರ್‌ಗೆ ಫೀನಾಲ್ ಕರಗಿಸಿ ಹೊರಹಾಕುವ ತಾಕತ್ತಿಲ್ಲ. ಒರೆಸಿದ ನೆಲದ ಮೇಲೆ ನಡೆದ ಮರಿ ಆಮೇಲೆ ಕಾಲು ನೆಕ್ಕಿಕೊಳ್ಳುತ್ತೆ.

ನಾಗು_ಎಚ್
ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಫಿನಾಯಿಲ್ ಹಾಕ್ತಾರೆ, ಎಲ್ಲರ ಮನೆಯಲ್ಲೂ ಬೆಕ್ಕಿದೆ.

ಕಿಟ್ಟಿ_ಪರ್ಷಿಯನ್
ಪರ್ಷಿಯನ್ ಆದರೆ ಕಣ್ಣಲ್ಲಿ ನೀರು ಮಾಮೂಲು, ತಲೆ ಕೆಡಿಸ್ಕೋಬೇಡಿ. ನಮ್ಮ ಆರು ವರ್ಷದ ಗಂಡಿಗೆ ದಿನಾ ಒರೆಸಲೇಬೇಕು. ನನ್ನ ಹತ್ತಿರ ಮೆಶ್ ನೆಬ್ಯುಲೈಸರ್ ಇದೆ, ಸದ್ದೇ ಇಲ್ಲ. ಅಕ್ರಿಲಿಕ್ ಪೆಟ್ಟಿಗೆಗೆ ತೂತು ಕೊರೆದು ಜೋಡಿಸಿದ್ದೀನಿ, ಒಳಗೆ ಫ್ಯಾನ್ ಕೂಡ ಇದೆ. ಎರಡು ಹನಿ ನೀಲಗಿರಿ ಎಣ್ಣೆ ಬಿಟ್ಟರೆ ಮೂಗು ತಟ್ಟನೆ ಬಿಡುತ್ತೆ. ಫೋಟೊ ಬೇಕಾದವರು ಹೇಳಿ.

ಮಲೆನಾಡ_ಮಾರ್ಜಾಲ
ಪರ್ಷಿಯನ್ ಅಲ್ಲ, ಊರ ಬೆಕ್ಕಿನ ಮರಿಗಳು. ಕಟ್ಟಿಗೆ ಕೊಟ್ಟಿಗೆಯಲ್ಲಿ ಸಿಕ್ಕಿದ್ದು, ತಾಯಿ ಬರಲೇ ಇಲ್ಲ. ಎಷ್ಟು ವಾರ ಗೊತ್ತಿಲ್ಲ. ಓಡಾಡುತ್ತವೆ, ಕಿವಿ ನಿಂತಿದೆ, ಮುಂದಿನ ಹಲ್ಲು ಮತ್ತು ಕೋರೆ ಬಂದಿದೆ, ದವಡೆ ಹಲ್ಲು ಈಗ ತಾನೇ ಚುಚ್ಚುತ್ತಿದೆ. ಮೊದಲು ಬಂದಿದ್ದು ಕಪ್ಪು ಮರಿಗೆ, ಮೂರು ದಿನ ಬಿಟ್ಟು ಉಳಿದೆರಡಕ್ಕೂ. ಗೀಜು ಹಳದಿ. ಲಿಟ್ಟರ್ ಅಂತ ಏನೂ ಇಲ್ಲ, ಹಳೆ ಪೇಪರ್.

ಡ್ರಾಪ್ಸ್ ಅಜ್ಜಿಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದು. ಮಾಕ್ಸಿಫ್ಲಾಕ್ಸಾಸಿನ್ ಮತ್ತೆ ಡೆಕ್ಸಾಮೆಥಸೋನ್ ಅಂತ ಬರೆದಿದೆ. ಒಳ್ಳೆ ದುಬಾರಿ ಡ್ರಾಪ್ಸೇ.

ವಸುಧಾ_ಮರಿಮನೆ
ಆ ಡ್ರಾಪ್ಸ್ ಈಗಲೇ ನಿಲ್ಲಿಸಿ. ಅದರಲ್ಲಿರುವ ಡೆಕ್ಸಾಮೆಥಸೋನ್ ಸ್ಟೀರಾಯ್ಡ್. ಆಪರೇಷನ್ ಆದ ಕಣ್ಣಿನ ಊತ ಇಳಿಸಲು ಅದು ಬೇಕು. ಇಲ್ಲಿ ಕಥೆ ಬೇರೆ. ಮರಿಗಳ ಈ ನೆಗಡಿಗೆ ಬಹುಪಾಲು ಬೆಕ್ಕಿನ ಹರ್ಪಿಸ್ ವೈರಸ್ ಅಥವಾ ಕ್ಯಾಲಿಸಿ ವೈರಸ್ ಕಾರಣ. ಅದರಲ್ಲೂ ಹರ್ಪಿಸ್ ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನೇ ತಿಂದು ಹುಣ್ಣು ಮಾಡುತ್ತೆ. ಸ್ಟೀರಾಯ್ಡ್ ಹಾಕಿದರೆ ಕಣ್ಣಿನ ಕೆಂಪು ಇಳಿದಂತೆ ಕಾಣಬಹುದು, ಆದರೆ ಅಲ್ಲಿನ ರಕ್ಷಣೆ ಕುಗ್ಗಿ ಹುಣ್ಣು ಆಳಕ್ಕೆ ಇಳಿಯುತ್ತೆ.

ಕಣ್ಣು ತೆರೆಯದ ಮರಿಯನ್ನು ಕಿಟಕಿ ಹತ್ತಿರ ತಗೊಂಡು ಹೋಗಿ ನೋಡಿ. ಗೀಜಿನಿಂದ ಅಂಟಿದ್ದರೆ ನೆನೆಸಿದ ಮೇಲೆ ತೆರೆಯುತ್ತೆ. ಒರೆಸಿ ಸ್ವಚ್ಛ ಮಾಡಿದ ಮೇಲೂ ಬಿಗಿಯಾಗಿ ಮುಚ್ಚಿಕೊಂಡರೆ, ಬೆಳಕಿಗೆ ಮುಖ ತಿರುಗಿಸಿದರೆ, ಗುಡ್ಡೆಯ ಮೇಲೆ ಹಾಲು ಚೆಲ್ಲಿದಂಥ ಮಸುಕು ಕಂಡರೆ ಅದು ನೋವು. ಅಂಥದ್ದಕ್ಕೆ ಮನೆಮದ್ದಿಲ್ಲ, ಇವತ್ತೇ ಡಾಕ್ಟರು.

ಒರೆಸುವ ರೀತಿ: ಮೆಡಿಕಲ್ ಶಾಪಿನಲ್ಲಿ 100 ಮಿ.ಲೀ. ನಾರ್ಮಲ್ ಸಲೈನ್ ಬಾಟಲಿ ಸಿಗುತ್ತೆ. ಬಟ್ಟಲಿಗೆ ಸ್ವಲ್ಪ ಬಗ್ಗಿಸಿ, ಬಟ್ಟಲನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ. ಹತ್ತಿ ಬೇಡ, ಎಳೆ ಕಣ್ಣಲ್ಲೇ ಉಳಿಯುತ್ತೆ, ಗಾಜ್ ಬಟ್ಟೆ ತಗೊಳ್ಳಿ. ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಒಂದೆರಡು ನಿಮಿಷ ಸುಮ್ಮನೆ ಹಿಡಿದಿರಿ. ಹೆಪ್ಪು ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ. ಒಣಗಿದ್ದನ್ನು ಉಗುರಿಂದ ಕೀಳಬೇಡಿ, ರೆಪ್ಪೆಯ ಚರ್ಮ ಕಿತ್ತು ಬರುತ್ತೆ. ಒಂದು ಕಣ್ಣಿಗೆ ಒಂದು ತುಂಡು, ಒಂದು ಮರಿ ಮುಗಿದ ಮೇಲೆ ಕೈ ತೊಳೆದು ಇನ್ನೊಂದು.

ಕಿಟ್ಟಿ ಅವರೇ, ನೀಲಗಿರಿ ಎಣ್ಣೆ, ಕರ್ಪೂರ, ವಿಕ್ಸ್ ಯಾವುದೂ ಬೆಕ್ಕಿನ ಹತ್ತಿರ ಬರಬಾರದು. ನೆಬ್ಯುಲೈಸರ್‌ಗೆ ಬರೀ ಸಲೈನ್.

ಕಿಟ್ಟಿ_ಪರ್ಷಿಯನ್
ನಮ್ಮದಕ್ಕೆ ಏನೂ ಆಗಿಲ್ಲ ಮೇಡಂ. ಎರಡೇ ಹನಿ.

ಪುಟ್ಟಿಮನೆ
ಪೇಪರಿನ ಇಂಕಿನಿಂದಲೂ ಅಲರ್ಜಿ ಆಗುತ್ತೆ, ಅದನ್ನು ಯಾರೂ ಯೋಚಿಸಲ್ಲ. ಕಟ್ಟಿಗೆ ಕೊಟ್ಟಿಗೆ ಅಂದ ಮೇಲೆ ಮರದ ಪುಡಿ ಬೇರೆ.

ವಸುಧಾ_ಮರಿಮನೆ
ಪುಟ್ಟಿಮನೆ ಅವರೇ, ಧೂಳಿನ ಸೀನಿಗೆ ಮೂಗಲ್ಲಿ ತಿಳಿನೀರು ಬರುತ್ತೆ, ಮರಿ ಎಂದಿನಂತೆ ತಿಂದು ಕುಣಿಯುತ್ತೆ, ಜಾಗ ಬದಲಿಸಿದರೆ ನಿಲ್ಲುತ್ತೆ. ಇಲ್ಲಿ ಒಂದಕ್ಕೆ ಬಂದು ಮೂರು ದಿನಕ್ಕೆ ಉಳಿದವಕ್ಕೆ ದಾಟಿದೆ, ಗೀಜು ಹಳದಿ. ಧೂಳು ಹೀಗೆ ಸರದಿಯಲ್ಲಿ ಬರಲ್ಲ.

ಮಲೆನಾಡ ಅವರೇ, ಹಲ್ಲಿನ ಲೆಕ್ಕದಲ್ಲಿ ಐದು ವಾರದ ಆಸುಪಾಸು. ಅಂದರೆ 450 ರಿಂದ 550 ಗ್ರಾಂ ಇರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ ತೂಗಿ ಹೇಳಿ.

ಮಲೆನಾಡ_ಮಾರ್ಜಾಲ
ಕಪ್ಪು 385, ಬೂದು 490, ಪಟ್ಟೆ 520. ಕಪ್ಪು ಮರಿಯದ್ದೇ ಕಣ್ಣು ಮುಚ್ಚಿರುವುದು. ಒರೆಸಿದ ಮೇಲೂ ತೆರೆಯಲ್ಲ, ಬಲಗಣ್ಣಿನ ಮೇಲೆ ಬೂದು ಬಣ್ಣದ ಮಸುಕು ಇದೆ. ಬೆಳಿಗ್ಗೆಯಿಂದ ಊಟ ಮೂಸಿಯೂ ನೋಡಿಲ್ಲ. ಇವತ್ತು ಭಾನುವಾರ. ನಾಳೆವರೆಗೆ ಹಾಲು ಫಿಲ್ಲರಲ್ಲಿ ಹಾಕಲಾ?

ನಾಗು_ಎಚ್
ಹಾಲು ಬೇಡ, ಗಂಜಿ ನೀರು ಹಾಕಿ.

ವಸುಧಾ_ಮರಿಮನೆ
ಮೂಸಿಯೂ ನೋಡಿಲ್ಲ ಅಂದಿರಲ್ಲ, ತೊಂದರೆಯ ಬೇರು ಅಲ್ಲೇ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಇಲ್ಲ, ವಾಸನೆ ಇಲ್ಲದ್ದು ಅದಕ್ಕೆ ಊಟವೇ ಅಲ್ಲ. ಈ ವಯಸ್ಸಿನ ಮರಿಯ ಮೈಯಲ್ಲಿ ಕೂಡಿಟ್ಟ ಕೊಬ್ಬಿಲ್ಲ. ಹನ್ನೆರಡು ಗಂಟೆ ಖಾಲಿ ಹೊಟ್ಟೆಯಲ್ಲಿದ್ದರೆ ಸಕ್ಕರೆ ಇಳಿದು, ಮೈ ತಣ್ಣಗಾಗಿ ಮಲಗಿಬಿಡುತ್ತೆ. ಕಪ್ಪು ಮರಿಯನ್ನು ನಾಳೆವರೆಗೆ ಇಟ್ಟುಕೊಳ್ಳಬೇಡಿ. ಭಾನುವಾರ ತೆರೆದಿರುವ ಕ್ಲಿನಿಕ್ ಯಾವುದು ಅಂತ ಈಗಲೇ ಫೋನ್ ಮಾಡಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ ವಿಚಾರಿಸಿ. ಹಾಕಿದ ಡ್ರಾಪ್ಸ್ ಬಾಟಲಿ ತಗೊಂಡೇ ಹೋಗಿ.

ಹೊರಡುವವರೆಗೆ ಮೊದಲ ಕೆಲಸ ಬೆಚ್ಚಗೆ ಮಾಡುವುದು. ಬಾಟಲಿಗೆ ಬಿಸಿನೀರು ತುಂಬಿ, ಹಳೆ ಕಾಟನ್ ಸೀರೆ ಎರಡು ಸುತ್ತು ಸುತ್ತಿ ರಟ್ಟಿನ ಪೆಟ್ಟಿಗೆಯ ಒಂದು ಬದಿಗಿಡಿ. ಸೆಕೆಯಾದರೆ ಸರಿದು ಹೋಗಲು ಇನ್ನೊಂದು ಬದಿ ಖಾಲಿ ಇರಲಿ. ಮರಿಯ ಬಾಯೊಳಗೆ ಕಿರುಬೆರಳು ಇಟ್ಟಾಗ ತಣ್ಣಗೆ ಅನ್ನಿಸಿದರೆ ಏನೂ ತಿನ್ನಿಸಬೇಡಿ, ತಣ್ಣಗಿನ ಮರಿಯ ಹೊಟ್ಟೆ ಅರಗಿಸಲ್ಲ.

ಬೆಚ್ಚಗಿದ್ದರೆ ಮೂಗಿನ ಹೊಳ್ಳೆಗೆ ಒಂದೊಂದು ಹನಿ ಸಲೈನ್ ಬಿಡಿ, ಸೀನಲಿ, ಒರೆಸಿ. ಬಿಸಿನೀರು ಬಿಟ್ಟು ಬಾಗಿಲು ಹಾಕಿದ ಬಚ್ಚಲಮನೆಯಲ್ಲಿ ಹತ್ತು ನಿಮಿಷ ತೊಡೆಯ ಮೇಲೆ ಕೂರಿಸಿಕೊಳ್ಳಿ. ಪಾತ್ರೆಯ ಹಬೆಯ ಮೇಲೆ ಹಿಡಿಯಬೇಡಿ, ಮುಖ ಸುಡುತ್ತೆ. ಆ ಕೂಡಲೇ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿ ನುಣ್ಣಗೆ ಅರೆದು, ಅದರದೇ ಸಾರಲ್ಲಿ ಕಲಸಿ, ಮುಂಗೈ ಮೇಲೆ ಬೆಚ್ಚಗೆ ಅನ್ನಿಸುವಷ್ಟು ಬಿಸಿ ಇರುವಾಗ ಮೂಗಿನ ಮುಂದೆ ಹಿಡಿಯಿರಿ. ಮೂಗು ಬಿಟ್ಟ ಆ ಹತ್ತು ನಿಮಿಷದಲ್ಲೇ ತಿನ್ನುವ ಸಾಧ್ಯತೆ ಹೆಚ್ಚು. ತಿನ್ನದಿದ್ದರೆ ಬಲವಂತವಾಗಿ ಸುರಿಯಬೇಡಿ. ಮೂಗು ಕಟ್ಟಿದ ಮರಿ ಬಾಯಲ್ಲಿ ಉಸಿರು ಎಳೆಯುವಾಗ ಹಾಲು ನೇರ ಶ್ವಾಸಕೋಶಕ್ಕೆ ಹೋಗುತ್ತೆ.

ಪ್ಯಾರಾಸಿಟಮಾಲ್ ಒಂದು ಹನಿಯೂ ಬೇಡ. ಬೆಕ್ಕನ್ನು ಕೊಲ್ಲುತ್ತೆ, ಮಕ್ಕಳ ಸಿರಪ್ ಆದರೂ ಅಷ್ಟೇ.

ನಾಗು_ಎಚ್
ಸ್ವಲ್ಪ ಹೆದರಿಸುವುದು ಜಾಸ್ತಿ ಆಯ್ತು. ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ ಅನ್ನೋದು ಸುಳ್ಳಾ?

ವಸುಧಾ_ಮರಿಮನೆ
ಸುಳ್ಳಲ್ಲ. ಬೂದು ಮತ್ತು ಪಟ್ಟೆ ಮರಿಗೆ ನೀವು ಹೇಳಿದ್ದು ಸರಿಯೂ ಇರಬಹುದು. ತಿನ್ನುತ್ತಾ, ದಿನಕ್ಕೆ ಹತ್ತು ಗ್ರಾಂ ಏರುತ್ತಾ ಇದ್ದರೆ ಬೆಚ್ಚಗಿಟ್ಟು ಒರೆಸುತ್ತಾ ಕಾಯಬಹುದು. ಆದರೆ ಹಳದಿ ಗೀಜು ಅಂದರೆ ವೈರಸ್ ಕೆಡಿಸಿದ ಜಾಗಕ್ಕೆ ಬ್ಯಾಕ್ಟೀರಿಯಾ ಸೇರಿರಬಹುದು, ಕ್ಲಾಮಿಡಿಯಾ ಇದ್ದರೆ ಅದಕ್ಕೆ ಆಂಟಿಬಯೋಟಿಕ್ಕೇ ಔಷಧಿ. ಅದನ್ನು ನೋಡಿ ಹೇಳಬೇಕಾದವರು ಡಾಕ್ಟರು. ಲೈಸೀನ್ ಉಪಯೋಗಕ್ಕೆ ಬರಲ್ಲ, ಆ ಪೇಸ್ಟ್‌ನ ದುಡ್ಡಿಗೆ ಕೋಳಿ ತನ್ನಿ.

ನಾಗು_ಎಚ್
ನಮ್ಮ ಡಾಕ್ಟರೇ ಲೈಸೀನ್ ಬರೆದುಕೊಟ್ಟಿದ್ದಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಪುಟ್ಟಿಮನೆ
ಲೈಸೀನ್ ಚರ್ಚೆಗೆ ಬೇರೆ ಎಳೆ ತೆರೆಯಿರಿ ಪ್ಲೀಸ್. ಪೇಪರ್ ಬದಲಿಸಿದ್ರಾ ಇಲ್ವಾ?

ಮಲೆನಾಡ_ಮಾರ್ಜಾಲ
ಹೋಗಿ ಬಂದೆ. ಕಣ್ಣಿಗೆ ಕಿತ್ತಳೆ ಬಣ್ಣದ ಕಾಗದದ ಪಟ್ಟಿ ಮುಟ್ಟಿಸಿ, ತೊಳೆದು, ನೀಲಿ ದೀಪದಲ್ಲಿ ತೋರಿಸಿದರು. ಬಲಗಣ್ಣಿನ ಮೇಲೆ ಮರದ ಕೊಂಬೆ ಹಾಗೆ ಹಸಿರು ಗೆರೆ ಹೊಳೆಯಿತು. ಹುಣ್ಣು, ಹರ್ಪಿಸ್ ಇರಬೇಕು ಅಂದರು. ಚರ್ಮದಡಿ ನೀರು ಕೊಟ್ಟರು. ಸ್ಟೀರಾಯ್ಡ್ ಇಲ್ಲದ ಬೇರೆ ಡ್ರಾಪ್ಸ್ ಎರಡು, ಡಾಕ್ಸಿಸೈಕ್ಲಿನ್ ಮಾತ್ರೆಯ ಕಾಲು ಭಾಗ. ಮೂರು ದಿನ ಬಿಟ್ಟು ಮತ್ತೆ ತೋರಿಸಬೇಕು.

ವಸುಧಾ_ಮರಿಮನೆ
ಕೊಂಬೆಯಂಥ ಗೆರೆ ಹರ್ಪಿಸ್‌ನದೇ ಗುರುತು. ಎರಡು ಡ್ರಾಪ್ಸ್ ನಡುವೆ ಐದು ನಿಮಿಷ ಬಿಡಿ, ಇಲ್ಲವಾದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತೆ. ಡಾಕ್ಸಿಸೈಕ್ಲಿನ್ ಒಣ ಮಾತ್ರೆ ಹಾಗೇ ನುಂಗಿಸಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟು ಹುಣ್ಣಾಗಿ ನಾಳ ಕಿರಿದಾಗುತ್ತೆ. ಸಿರಪ್ ರೂಪದಲ್ಲಿ ಸಿಗುತ್ತಾ ಕೇಳಿ. ಮಾತ್ರೆಯೇ ಆದರೆ ಹಿಂದೆಯೇ ಸಿರಿಂಜಿನಿಂದ 3 ಮಿ.ಲೀ. ನೀರು ಕೆನ್ನೆಯ ಬದಿಯಿಂದ ನಿಧಾನವಾಗಿ ಕೊಡಿ, ಆಮೇಲೆ ಊಟ.

ನೆಲಕ್ಕೆ, ತಟ್ಟೆಗೆ: ಮೊದಲು ಸೋಪಿನಲ್ಲಿ ತೊಳೆದು, ಲೀಟರ್ ನೀರಿಗೆ 30 ಮಿ.ಲೀ. ಬ್ಲೀಚ್ ಹಾಕಿ ಹತ್ತು ನಿಮಿಷ ಬಿಟ್ಟು, ನೀರಲ್ಲಿ ತೊಳೆದು ಒಣಗಿಸಿ. ಮರಿಗಳು ಆಗ ಬೇರೆ ಕೋಣೆಯಲ್ಲಿರಲಿ.

ಮಲೆನಾಡ_ಮಾರ್ಜಾಲ
ಮೂರನೇ ದಿನ. ಕಪ್ಪು 385, 380, 391, 404. ಪಟ್ಟೆ 548. ಬೂದು ಮರಿ ಮಾತ್ರ ಎರಡು ದಿನದಿಂದ 497ರಲ್ಲೇ ನಿಂತಿದೆ, ತಿನ್ನುತ್ತಿದೆ ಆದರೂ. ಕಪ್ಪು ಮರಿ ಕಣ್ಣು ತೆರೆದಿದೆ, ಮಸುಕು ಹಾಗೇ ಇದೆ. ಮೂಲೆಯಲ್ಲಿ ಗುಲಾಬಿ ಪೊರೆ ಗುಡ್ಡೆಗೆ ಅಂಟಿದ ಹಾಗೆ ಕಾಣುತ್ತಿದೆ. ಅದು ಬಿಡುತ್ತಾ?

ವಸುಧಾ_ಮರಿಮನೆ
ಬೂದು ಮರಿ ಎರಡು ದಿನ ನಿಂತಿದೆ ಅಂದರೆ ಸಾಲದು, ನಾಳೆ ಎರಡನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ. ಪೊರೆ ಅಂಟಿದ್ದರೆ ಡ್ರಾಪ್ಸ್‌ಗೆ ಬಿಡಲ್ಲ. ಅದು ಬೆಕ್ಕಿನ ಕಣ್ಣಿನ ಮೂಲೆಯಲ್ಲಿರುವ ಮೂರನೇ ರೆಪ್ಪೆ ಹೊರಗೆ ಬಂದಿರುವುದೋ, ನಿಜವಾಗಿ ಅಂಟಿರುವುದೋ ಇಲ್ಲಿಂದ ಹೇಳಲಾಗದು. ದೀಪದಲ್ಲಿ ನೋಡಿ ಅಂತ ನೀವೇ ಕೇಳಿ.

ಕಿಟ್ಟಿ_ಪರ್ಷಿಯನ್
ನೆಬ್ಯುಲೈಸರ್ ಬೇಕಾದರೆ ನನ್ನ ಹಳೇದು ಕೊಡ್ತೀನಿ, ಕಂಪ್ರೆಸರ್ ಮಾಡೆಲ್. ಸ್ವಲ್ಪ ಸದ್ದು ಮಾಡುತ್ತೆ.

ಪುಟ್ಟಿಮನೆ
ಪೇಪರ್ ಇನ್ನೂ ಬದಲಿಸಿಲ್ಲ ಅಂತ ಕಾಣುತ್ತೆ.