ಡಿಲೀಟ್ ಆದ ಮೆಸೇಜ್ ನೋಟಿಫಿಕೇಶನ್ ಹಿಸ್ಟರಿಯಲ್ಲಿ ಸಿಗುತ್ತದಾ?

ಕೇಳಿದವರು: ಬೆಳಗ್ಗೆ ವಾಟ್ಸಾಪ್‌ನಲ್ಲಿ ಒಬ್ಬರು ಎರಡು ಮೆಸೇಜ್ ಕಳಿಸಿ, ನಾನು ನೋಡುವಷ್ಟರಲ್ಲಿ ಎರಡನ್ನೂ ಅಳಿಸಿಬಿಟ್ಟಿದ್ದಾರೆ. ಆಂಡ್ರಾಯ್ಡ್‌ನಲ್ಲೇ ಓದುವ ದಾರಿ ಇದೆ ಅಂತಾರೆ. ಯಾರಾದರೂ ಮಾಡಿ ನೋಡಿದ್ದೀರಾ?

ಹಳೇಚಾರ್ಜರ್: ಮಾಡಿದ್ದೇನೆ, ಆದರೆ ಮೊದಲೇ ಆನ್ ಆಗಿರಬೇಕು. Settings → Notifications → Notification history ಒಳಗೆ ಹೋಗಿ Use notification history ಆನ್ ಮಾಡಬೇಕು. ಕೆಲವು ಫೋನ್‌ಗಳಲ್ಲಿ ಇದು Advanced settings ಒಳಗೆ ಅಡಗಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ history ಅಂತ ಹಾಕಿ. ಆಂಡ್ರಾಯ್ಡ್ 11ರಿಂದ ಇದೆ. ಇವತ್ತು ಆನ್ ಮಾಡಿದರೆ ಇವತ್ತಿನಿಂದ ಬರೆದುಕೊಳ್ಳುತ್ತದೆ, ಬೆಳಗಿನದು ಬರುವುದಿಲ್ಲ. ಇನ್ನೊಂದು, ಸಿಟ್ಟಿನಲ್ಲಿ ಅದನ್ನು ಆಫ್ ಮಾಡಬೇಡಿ, ಇದ್ದದ್ದೂ ಅಳಿಸಿ ಹೋಗುತ್ತದೆ.

ಕೇಳಿದವರು: ಅಯ್ಯೋ, ಆಫ್ ಇತ್ತು. ಹಾಗಾದರೆ ಆ ಎರಡು ಹೋದವು ಅಂತಾನಾ?

ಹಳೇಚಾರ್ಜರ್: ಹೌದು, ಹೋದವು.

ಮಳೆಗಾಲ: ಅದು ಆನ್ ಇದ್ದರೂ ಪ್ರಯೋಜನ ಕಡಿಮೆ ರೀ, ಫೋನ್ ರೀಸ್ಟಾರ್ಟ್ ಮಾಡಿದರೆ ಎಲ್ಲ ಖಾಲಿ. ನನಗೆ ಹಾಗೇ ಆಗಿದೆ.

ಹಳೇಚಾರ್ಜರ್: ನೀವು ಹೇಳುತ್ತಿರುವುದು ಹಳೆಯ Notification log ಇರಬೇಕು, ಹೋಮ್ ಸ್ಕ್ರೀನ್‌ನಲ್ಲಿ ಶಾರ್ಟ್‌ಕಟ್ ಇಟ್ಟು ತೆಗೆಯುತ್ತಿದ್ದೆವಲ್ಲ, ಅದು. ಅದು ರೀಸ್ಟಾರ್ಟ್ ಆದರೆ ಖಾಲಿ ಆಗುತ್ತಿತ್ತು. ಈಗಿನದು ಫೋನ್‌ನಲ್ಲಿ ಉಳಿಯುತ್ತದೆ, ಆದರೆ 24 ಗಂಟೆ ಮಾತ್ರ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಅಳಿಸೋಕೆ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಕೊಡುತ್ತಾರೆ. ಹಾಗಾಗಿ ಮೊನ್ನೆ ಬಂದದ್ದನ್ನು ಇವತ್ತು ಅಳಿಸಿದರೆ ಹಿಸ್ಟರಿಯಲ್ಲಿ ಹುಡುಕಿ ಏನೂ ಉಪಯೋಗವಿಲ್ಲ.

ನನ್ನದೇ ಒಂದು ಉದಾಹರಣೆ. ಹೋದ ತಿಂಗಳು ಗೆಳೆಯನೊಬ್ಬ ನಾಲ್ಕು ಕಳಿಸಿದ: "ನಾಳೆ ಬರ್ತೀಯಾ", ಆಮೇಲೆ ಒಂದು ಫೋಟೋ, ಆಮೇಲೆ ಒಂದು ವಾಯ್ಸ್, ಕೊನೆಗೆ "ಬೇಡ ಬಿಡು ಹೇಳ್ತೀನಿ ಆಮೇಲೆ". ನಾಲ್ಕನ್ನೂ ಅಳಿಸಿದ. ಹಿಸ್ಟರಿ ತೆಗೆದೆ. ಮೊದಲನೆಯದೂ ಕೊನೆಯದೂ ಅಕ್ಷರಕ್ಕಕ್ಷರ ಇದ್ದವು. ಫೋಟೋ ಜಾಗದಲ್ಲಿ ಬರೀ Photo, ವಾಯ್ಸ್ ಜಾಗದಲ್ಲಿ ಎಷ್ಟು ಸೆಕೆಂಡು ಅನ್ನುವುದು ಮಾತ್ರ. ಅಲ್ಲಿ ಉಳಿಯುವುದು ಮೆಸೇಜ್ ಅಲ್ಲ, ಪರದೆಯ ಮೇಲೆ ಬಂದ ನೋಟಿಫಿಕೇಶನ್‌ನ ಸಾಲು, ಅಷ್ಟೇ. ಇದನ್ನು ಹಿಡಿದುಕೊಂಡರೆ ಉಳಿದ ಗೊಂದಲ ತಾನಾಗಿ ಬಿಡುತ್ತದೆ. ಮ್ಯೂಟ್ ಮಾಡಿದ ಚಾಟ್‌ಗೆ ನೋಟಿಫಿಕೇಶನ್ ಬರುವುದಿಲ್ಲ, ಹಾಗಾಗಿ ಸಾಲೂ ಇಲ್ಲ. ಅದೇ ಚಾಟ್ ತೆರೆದುಕೊಂಡು ಕೂತಿದ್ದರೂ ಹಾಗೇ. ಲಾಕ್ ಮಾಡಿಟ್ಟ ಚಾಟ್ ಆದರೆ ಯಾರು, ಏನು ಅನ್ನುವುದೇ ಕಾಣುವುದಿಲ್ಲ.

ಬೆಳ್ಳಿಮೋಡ: ನನ್ನ ಫೋನ್ ನೆಲಕ್ಕೆ ಬಿದ್ದು ರೀಸೆಟ್ ಮಾಡಿಸಿದೆ, ನಾನೇ ಅಳಿಸಿದ್ದ ಹಳೆಯ ಚಾಟ್ ಇದರಿಂದ ವಾಪಸ್ ಬರುತ್ತದಾ? ಎರಡು ವರ್ಷದ್ದು.

ಹಳೇಚಾರ್ಜರ್: ಇಲ್ಲ, ಅದು ಬೇರೆ ವಿಷಯ. ಬ್ಯಾಕಪ್ ಇದ್ದರೆ ಮಾತ್ರ.

ಕಡಲೆಪುರಿ: ಹಿಸ್ಟರಿ ಆನ್ ಇದ್ದೂ ನನಗೆ ಒಮ್ಮೆ ಸಿಗಲಿಲ್ಲ. ರಾತ್ರಿ ನೆಟ್ ಆಫ್ ಮಾಡಿ ಮಲಗಿದ್ದೆ, ಅವರು ಅಷ್ಟರಲ್ಲೇ ಕಳಿಸಿ ಅಳಿಸಿಯೂ ಆಗಿತ್ತು. ಬೆಳಗ್ಗೆ ನೆಟ್ ಹಾಕಿದರೆ ಬರೀ "ಈ ಮೆಸೇಜ್ ಡಿಲೀಟ್ ಆಗಿದೆ" ಅಷ್ಟೇ. ಮೂಲ ನೋಟಿಫಿಕೇಶನ್ ನನ್ನ ಫೋನ್‌ಗೆ ಬಂದೇ ಇರಲಿಲ್ಲ, ಇನ್ನು ಬರೆದುಕೊಳ್ಳೋದು ಎಲ್ಲಿಂದ. ಆದರೆ ಗ್ರೂಪ್‌ನಲ್ಲಿ ಪಟಪಟ ಅಂತ ಹತ್ತಾರು ಬಂದಾಗ ಮಧ್ಯದ ಒಂದೆರಡು ಸಾಲು ತಪ್ಪಿ ಹೋಗುತ್ತವೆ, ಅದು ಯಾಕೋ?

ಹಳೇಚಾರ್ಜರ್: ಗ್ರೂಪ್‌ನ ಮೆಸೇಜ್‌ಗಳನ್ನು ಒಂದೇ ನೋಟಿಫಿಕೇಶನ್‌ನಲ್ಲಿ ಸೇರಿಸುತ್ತಾರೆ, ಹಿಸ್ಟರಿ ಅದರ ಕೊನೆಯ ಸಾಲನ್ನಷ್ಟೇ ಬರೆದುಕೊಳ್ಳುತ್ತದೆ. ಎರಡು ಒಟ್ಟಿಗೆ ಬಂದರೆ ಮೊದಲನೆಯದು ಬಿಟ್ಟು ಹೋಗಬಹುದು ಅಂತ ನನ್ನ ಊಹೆ.

ಕಡಲೆಪುರಿ: ನನ್ನದರಲ್ಲಿ ನಿಧಾನಕ್ಕೆ ಬಂದಾಗಲೂ ತಪ್ಪಿದೆ ಮಾರಾಯ್ರೇ, ಅದು ಹೊಂದುತ್ತಿಲ್ಲ.

ಮಳೆಗಾಲ: ಇದೆಲ್ಲ ಬೇಡ, ಅಳಿಸಿದ ಮೆಸೇಜ್ ತೋರಿಸುವ ಆ್ಯಪ್‌ಗಳೇ ಇವೆ, ಫೋಟೋನೂ ತೋರಿಸುತ್ತವಂತೆ.

ಹಳೇಚಾರ್ಜರ್: ಇವೆ, ನಾನು ಹಾಕಿ ತೆಗೆದೆ. Notification access ಅಂತ ಕೇಳುತ್ತವೆ, ಕೊಟ್ಟರೆ ವಾಟ್ಸಾಪ್ ಒಂದೇ ಅಲ್ಲ, ಬ್ಯಾಂಕಿನ ಸಂದೇಶವೂ ಅವುಗಳ ಕಣ್ಣಿಗೆ ಬೀಳುತ್ತದೆ. ಫೋನ್‌ನದೇ ಹಿಸ್ಟರಿ ಇರುವಾಗ ಯಾಕೆ ಬೇಕು, ಅಲ್ವಾ? ಅದರಲ್ಲೂ ಒಂದು ಎಚ್ಚರ: ನಿಮ್ಮ ಫೋನ್ ಬೇರೆಯವರ ಕೈಗೆ ಅನ್‌ಲಾಕ್ ಆಗಿ ಸಿಕ್ಕರೆ, ನೀವು ಒಳಗೆ ಅಳಿಸಿದ್ದೂ ಅಲ್ಲಿ ಒಂದು ದಿನ ಕೂತಿರುತ್ತದೆ.

ಕೇಳಿದವರು: ಈಗಲೇ ಆನ್ ಮಾಡಿದೆ, ಇನ್ನೊಂದು ಫೋನ್‌ನಿಂದ ನನಗೇ ಒಂದು ಕಳಿಸಿ ಅಳಿಸಿ ನೋಡಿದೆ, ಸಾಲು ಹಾಗೇ ಇದೆ. ಬೆಳಗಿನದು ಏನಿತ್ತೋ ಅಂತ ಅವರನ್ನೇ ಕೇಳುತ್ತೇನೆ.