ನಾಲ್ಕನೆಯವಳ ಮಾತು ಆರನೆಯವನ ಲೆಕ್ಕಕ್ಕೆ

(ಉಡುಪಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು, ಶನಿವಾರ ಬೆಳಗ್ಗೆ)

ರಾಜೇಶ: ಅಂತಿಮ ವರ್ಷದವರ ಅಣಕು ಗುಂಪು ಚರ್ಚೆಯ ಧ್ವನಿಮುದ್ರಣ ಕೇಳಿ ಸಾರಾಂಶ ಮಾಡಿದ್ದೇನೆ. ಆರು ಮಂದಿ, 16 ನಿಮಿಷ. ವಿಷಯ: ಕರಾವಳಿಯ ಹೊಸ ಪದವೀಧರರು ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕೇ?
1: ಚರ್ಚೆ ಆರಂಭಿಸಿದ. ನಾಯಕತ್ವದ ಗುಣವಿದೆ.
2: ಕರಾವಳಿಯಲ್ಲಿ ಐ.ಟಿ. ಕೆಲಸವೇ ಇಲ್ಲ ಎಂದ. ಮಾಹಿತಿಯ ಕೊರತೆ.
3: ಕೊನೆಯಲ್ಲಿ ಸಾರಾಂಶ ಹೇಳಿದಳು. ಚೆನ್ನಾಗಿತ್ತು.
4: ಹೆಚ್ಚು ಮಾತನಾಡಲಿಲ್ಲ. ಆತ್ಮವಿಶ್ವಾಸ ಕಡಿಮೆ.
5: ಮನೆಯವರ ಜವಾಬ್ದಾರಿಯ ಬಗ್ಗೆ ಹೇಳಿದ. ಪರವಾಗಿಲ್ಲ.
6: ಸಂಬಳವನ್ನಲ್ಲ, ಬಾಡಿಗೆ ಕಳೆದು ಕೈಯಲ್ಲಿ ಉಳಿಯುವುದನ್ನು ಹೋಲಿಸಬೇಕು ಎಂದ. ಇಡೀ ಚರ್ಚೆಯ ಅತ್ಯುತ್ತಮ ವಾದ.

ದಿವಾಕರ: ಶುಭೋದಯ 🌸 ಒಳ್ಳೆಯ ಕೆಲಸ ರಾಜೇಶ.

ಶ್ವೇತಾ: ರಾಜೇಶಣ್ಣ, ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುತ್ತ ನಾನೂ ಅದನ್ನೇ ಕೇಳುತ್ತಿದ್ದೆ. ಮೂಲ್ಕಿ ದಾಟುವಷ್ಟರಲ್ಲಿ ಎರಡು ಸಲ ಮುಗಿಯಿತು. ಬಾಡಿಗೆಯ ಮಾತು ಆರನೆಯವನದ್ದಲ್ಲ, ನಾಲ್ಕನೆಯವಳದ್ದು. 4 ನಿಮಿಷ 10 ಸೆಕೆಂಡಿನಿಂದ ಕೇಳಿ ನೋಡಿ.

ರಾಜೇಶ: ಅಲ್ಲಿ ಒಂದನೆಯವನ ಧ್ವನಿ ಮಾತ್ರ ಕೇಳಿಸುತ್ತದೆ.

ಶ್ವೇತಾ: ಅದಕ್ಕೇ ಹೇಳಿದ್ದು. ಮೊಬೈಲ್ ಇದ್ದದ್ದು ಮೇಜಿನ ಆ ತುದಿಯಲ್ಲಿ, ಒಂದನೆಯವನ ಮುಂದೆ. ಇಯರ್‌ಫೋನ್ ಹಾಕಿಕೊಂಡು ಕೇಳಿ. "ಸಂಬಳದ ಅಂಕಿ ನೋಡಿ ಮರುಳಾಗಬಾರದು, ಬಾಡಿಗೆ ಕೊಟ್ಟ ಮೇಲೆ..." ಎನ್ನುವಷ್ಟರಲ್ಲಿ ಅವನು ಅಡ್ಡ ಬಾಯಿ ಹಾಕುತ್ತಾನೆ. ಆರನೆಯವನು ಅದನ್ನು ಎತ್ತಿಕೊಂಡದ್ದು 6 ನಿಮಿಷ 35 ಸೆಕೆಂಡಿಗೆ.

ರಾಜೇಶ: ಈಗ ಕೇಳಿದೆ. ಸರಿ, ಬೀಜ ಅವಳದ್ದೇ. ಆದರೂ ನನ್ನ ತೀರ್ಪು ಬದಲಾಗುವುದಿಲ್ಲ. ನಿಜವಾದ ಕ್ಯಾಂಪಸ್ ಆಯ್ಕೆಯಲ್ಲಿ ಎದುರು ಕುಳಿತವರು ರೆಕಾರ್ಡಿಂಗ್ ಹಿಂದೆ ತಿರುಗಿಸಿ ಕೇಳುವುದಿಲ್ಲ. ಒಂದೇ ಸಲ ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳುತ್ತಾರೆ, ಅಂಕ ಹಾಕುತ್ತಾರೆ. ಅವರ ಕಾಗದದಲ್ಲಿ ಆ ವಾದ ಆರನೆಯವನ ಹೆಸರಿನಲ್ಲಿಯೇ ಇರುತ್ತಿತ್ತು.

ಶ್ವೇತಾ: ಇರಬಹುದು. ಆದರೆ ನಾವು ಆಯ್ಕೆ ಮಾಡುತ್ತಿಲ್ಲ, ಕಲಿಸುತ್ತಿದ್ದೇವೆ. ಮಾತು ಹೊಳೆಯದವಳಿಗೆ ಕೊಡುವ ಸಲಹೆ ಬೇರೆ, ಹೊಳೆದರೂ ದಾಟಿಸಲಾರದವಳಿಗೆ ಕೊಡುವ ಸಲಹೆ ಬೇರೆ. ನಿಮ್ಮ ಸಾರಾಂಶ ಓದಿದರೆ ಅವಳು ಮನೆಗೆ ಹೋಗಿ ಇನ್ನಷ್ಟು ಪತ್ರಿಕೆ ಓದುತ್ತಾಳೆ. ಅವಳಿಗೆ ಬೇಕಾದದ್ದು ಅದಲ್ಲ.

ಗೌತಮ್: ಹಾಗಾದರೆ ಆರನೆಯವನನ್ನು ಕಳ್ಳ ಎನ್ನೋಣವೇ 😀

ಶ್ವೇತಾ: ಬೇಡ ಮಾರಾಯ. ಅವನು ಬರೀ ಪುನರುಚ್ಚರಿಸಲಿಲ್ಲ. ಅವಳು ಬಾಡಿಗೆ ಎಂದಷ್ಟೇ ಹೇಳಿದ್ದಳು. ಅವನು ಲೆಕ್ಕ ಕೊಟ್ಟ: ಅಲ್ಲಿ 30 ಸಾವಿರ ಸಂಬಳದಲ್ಲಿ ಬಾಡಿಗೆ, ಊಟ, ಓಡಾಟಕ್ಕೆ 18 ಸಾವಿರ ಹೋದರೆ ಉಳಿಯುವುದು 12. ಇಲ್ಲಿ ಮನೆಯಲ್ಲಿದ್ದುಕೊಂಡು 20 ಸಾವಿರದಲ್ಲಿ 5 ಖರ್ಚಾದರೂ 15 ಉಳಿಯುತ್ತದೆ. ಅಂಕಿಗಳು ಅವನ ಊಹೆಯೇ ಆದರೂ ವಾದಕ್ಕೆ ಕಾಲು ಬಂತು. ತಂದವಳು ಅವಳು, ಬೆಳೆಸಿದವನು ಅವನು. ಸಾರಾಂಶದಲ್ಲಿ ಎರಡೂ ಬರಲಿ, ನಿಮಿಷ ಸಮೇತ. ಅವನಿಗೆ ಸಲಹೆ ಒಂದೇ: "ಅವರು ಹೇಳಿದ ಬಾಡಿಗೆಯ ಮಾತಿಗೆ ಸೇರಿಸುತ್ತೇನೆ" ಎಂದು ಶುರು ಮಾಡಿದ್ದರೆ ಅವನಿಗೇನೂ ನಷ್ಟವಿರಲಿಲ್ಲ. ಇತರರ ಮಾತನ್ನು ಕೇಳಿಸಿಕೊಳ್ಳುತ್ತಾನೆ ಎಂಬ ಅಂಕವೂ ಸಿಗುತ್ತಿತ್ತು.

ವಾಸಂತಿ ಮೇಡಂ: ರಾಜೇಶ, ಎರಡನೆಯವನ ಬಗ್ಗೆ ಬರೆದದ್ದನ್ನೂ ಒಮ್ಮೆ ನೋಡಿ. ಅವನು ನನ್ನ ತರಗತಿಯವನು, ಹಾಗೆ ಹೇಳುವವನಲ್ಲ.

ರಾಜೇಶ: ಮೇಡಂ, ಕರಾವಳಿಯಲ್ಲಿ ಐ.ಟಿ. ಕೆಲಸ ಇಲ್ಲ ಎಂಬ ವಾಕ್ಯ ಸ್ಪಷ್ಟವಾಗಿಯೇ ಇದೆ.

ಶ್ವೇತಾ: ವಾಕ್ಯ ಇದೆ, ಅದರ ಹಿಂದೆ "ಬಹಳ ಮಂದಿ ಹೀಗೆ ನಂಬಿದ್ದಾರೆ" ಎಂದೂ ಇದೆ. ಮುಂದೆ ಮುಡಿಪುವಿನ ಇನ್ಫೋಸಿಸ್ ಆವರಣ, ಉಡುಪಿಯ ರೋಬೋಸಾಫ್ಟ್ ಎಂದು ಹೆಸರಿಸಿ ಆ ನಂಬಿಕೆಯನ್ನೇ ಖಂಡಿಸುತ್ತಾನೆ. ಎದುರಾಳಿಯ ಮಾತನ್ನು ಅವನ ತಲೆಗೆ ಕಟ್ಟಿದ್ದೀರಿ. ಸಾರಾಂಶದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ, ಏಕೆಂದರೆ ಅವನ ನಿಲುವೇ ತಲೆಕೆಳಗಾಗಿದೆ.

ರಾಜೇಶ: ಇದು ನನ್ನದೇ ತಪ್ಪು, ಒಪ್ಪಿದೆ. ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು.

ದಿವಾಕರ: ಮಿಕ್ಸಿಗೆ ಉತ್ತರ ಕೊಡುವ ಅವಕಾಶ ಇಲ್ಲವಲ್ಲ 😄

ರಾಜೇಶ: ಆದರೆ ನಾಲ್ಕನೆಯವಳಿಗೆ ಆತ್ಮವಿಶ್ವಾಸ ಕಡಿಮೆ ಎಂದದ್ದನ್ನು ಬಿಡುವುದಿಲ್ಲ. ತಡೆದ ಮೇಲೆ ಏಳು ನಿಮಿಷ ಬಾಯಿ ಬಿಡಲಿಲ್ಲ.

ಶ್ವೇತಾ: ಏಳು ನಿಮಿಷ ಸುಮ್ಮನಿದ್ದಳು ಎಂದು ಬರೆಯಿರಿ, ಅದು ಕೇಳಿಸಿದ ಸಂಗತಿ. ಆತ್ಮವಿಶ್ವಾಸ ನಿಮ್ಮ ಊಹೆ. ಧ್ವನಿ ಮಾತ್ರ ಇರುವಾಗ ಅವಳು ಮುಂದೆ ಬಾಗಿ ಅವಕಾಶಕ್ಕೆ ಕಾಯುತ್ತಿದ್ದಳೋ, ಕೈ ಎತ್ತಿದ್ದಳೋ ನಮಗೆ ಹೇಗೆ ಗೊತ್ತು? ಅಲ್ಲದೆ "ಆತ್ಮವಿಶ್ವಾಸ ಬೆಳೆಸಿಕೊಳ್ಳಿ" ಎಂದರೆ ಸೋಮವಾರ ಬೆಳಗ್ಗೆ ಎದ್ದು ಅವಳು ಮಾಡಬೇಕಾದದ್ದು ಏನು?

ಗೌತಮ್: ಸರಿ, ನೀನು ಏನು ಬರೆಯುತ್ತಿದ್ದೆ?

ಶ್ವೇತಾ: ಅವಳ ಆ ಮಾತನ್ನು ಅಕ್ಷರಶಃ ಬರೆದುಕೊಂಡೆ. ಎದ್ದು ಕಂಡದ್ದು ಇದು: ಮೊದಲು ಒಂದನೆಯವನ ಮಾತಿಗೆ ಒಪ್ಪಿಗೆ, ಆಮೇಲೆ ಅಕ್ಕನ ಉದಾಹರಣೆ, ಆಮೇಲೆ ಸಂಬಳದ ಅಂಕಿ, ಕೊನೆಗೆ ಬಾಡಿಗೆ. ಮುಖ್ಯ ಮಾತು ನಾಲ್ಕನೆಯ ವಾಕ್ಯದಲ್ಲಿದೆ. ನಾವು ತುಳುವಿನಲ್ಲಿಯೋ ಕನ್ನಡದಲ್ಲಿಯೋ ಕಥೆ ಹೇಳುವ ಕ್ರಮವೇ ಅದು, ಹಿನ್ನೆಲೆ ಮೊದಲು, ತಿರುಳು ಆಮೇಲೆ. ಮನೆಯ ಜಗಲಿಯಲ್ಲಿ ಎಲ್ಲರೂ ಕಾಯುತ್ತಾರೆ. ಗುಂಪು ಚರ್ಚೆಯಲ್ಲಿ ಹತ್ತು ಸೆಕೆಂಡಿಗೆ ಇನ್ನೊಬ್ಬ ನುಗ್ಗುತ್ತಾನೆ. ಆದ್ದರಿಂದ ಮೊದಲ ವಾಕ್ಯದಲ್ಲಿಯೇ "ಹೋಲಿಸಬೇಕಾದದ್ದು ಸಂಬಳವಲ್ಲ, ಉಳಿತಾಯ" ಎಂದುಬಿಡಲಿ. ಆಮೇಲೆ ತಡೆದರೂ ಮಾತು ಅವಳ ಹೆಸರಿನಲ್ಲಿ ಉಳಿಯುತ್ತದೆ.

ವಾಸಂತಿ ಮೇಡಂ: ಇದು ಅವಳಿಗೆ ಉಪಯೋಗವಾಗುತ್ತದೆ. ಒಂದನೆಯವನಿಗೆ?

ಶ್ವೇತಾ: ಅವನ ಆರಂಭ ಚೆನ್ನಾಗಿತ್ತು ಮೇಡಂ, ವಿಷಯವನ್ನು ಹಣ, ಕಲಿಕೆ, ಮನೆ ಎಂದು ಮೂರಾಗಿ ಬಿಡಿಸಿದ. ಆ ಶ್ರೇಯಸ್ಸು ಅವನಿಗಿರಲಿ. ಆದರೆ 16 ನಿಮಿಷದಲ್ಲಿ ಐದು ನಿಮಿಷಕ್ಕೂ ಹೆಚ್ಚು ಅವನೇ ಮಾತನಾಡಿದ್ದಾನೆ. ಬೇರೆಯವರ ವಾಕ್ಯ ಮುರಿದದ್ದು ನಾಲ್ಕು ಸಲ. ಅದರಲ್ಲಿ ಒಮ್ಮೆ ಮಾತ್ರ "ಹೌದು, ಹೌದು, ಮುಂದೆ ಹೇಳು" ಎಂಬ ಧಾಟಿ, ಅದನ್ನು ಅಡ್ಡಿ ಎಂದು ಎಣಿಸಬಾರದು. ಉಳಿದ ಮೂರನ್ನು ನಿಮಿಷ ಸಹಿತ ತೋರಿಸಿದರೆ ಅವನೇ ಕೇಳಿ ನಾಚಿಕೊಳ್ಳುತ್ತಾನೆ.

ರಾಜೇಶ: ನಾಯಕತ್ವ ಎಂದು ಬರೆದದ್ದನ್ನು ತೆಗೆಯುತ್ತೇನೆ. ಐದನೆಯವನದ್ದು ಸರಿ ತಾನೇ?

ಶ್ವೇತಾ: ಅಲ್ಲಿ ನನಗೂ ಸಂಶಯವಿದೆ. ಎರಡನೆಯವನದ್ದೂ ಐದನೆಯವನದ್ದೂ ಒಂದೇ ತರಹದ ಧ್ವನಿ. 9ನೇ ನಿಮಿಷದಲ್ಲಿ ಅಪ್ಪ-ಅಮ್ಮನನ್ನು ನೋಡಿಕೊಳ್ಳುವ ಮಾತು ಬರುತ್ತದಲ್ಲ, ಅದು ಯಾರದ್ದೆಂದು ನಾನು ಆಣೆ ಇಟ್ಟು ಹೇಳಲಾರೆ. ಸದ್ಯಕ್ಕೆ "2 ಅಥವಾ 5" ಎಂದು ಬರೆದು ಮೇಡಂ ಅವರಿಂದ ವಿಚಾರಿಸೋಣ.

ವಾಸಂತಿ ಮೇಡಂ: ಇಬ್ಬರನ್ನೂ ಕೇಳಿ ಹೇಳುತ್ತೇನೆ. ಗುರುವಾರದ ಸುತ್ತಿನಲ್ಲಿ ಶುರುವಿಗೆ ಎಲ್ಲರೂ ತಮ್ಮ ಸಂಖ್ಯೆ ಹೇಳಿ ಒಂದು ವಾಕ್ಯ ಮಾತನಾಡಲಿ, ಧ್ವನಿಯ ಗುರುತು ಸಿಗುತ್ತದೆ. ಮೊಬೈಲ್ ಮೇಜಿನ ನಡುವೆ ಇಡಿಸುತ್ತೇನೆ. ಫ್ಯಾನನ್ನೂ ನಿಲ್ಲಿಸಬೇಕು.

ದಿವಾಕರ: ಈ ಸೆಕೆಯಲ್ಲಿಯೇ? ಮಕ್ಕಳು ಬೆಂಗಳೂರಿನ ಪರವಾಗಿಯೇ ವಾದಿಸುತ್ತಾರೆ ಮೇಡಂ!

ರಾಜೇಶ: ತಿದ್ದಿದ್ದೇನೆ, ನೋಡು.
4: ಬಾಡಿಗೆ ಕಳೆದು ಹೋಲಿಸಬೇಕೆಂಬ ವಾದವನ್ನು ಮೊದಲು ತಂದಳು (4:10). ತಿರುಳು ನಾಲ್ಕನೆಯ ವಾಕ್ಯದಲ್ಲಿತ್ತು, ಅಷ್ಟರಲ್ಲಿ ತಡೆದರು. ಮೊದಲ ವಾಕ್ಯದಲ್ಲಿ ಹೇಳಿ ಅಭ್ಯಾಸ ಮಾಡಲಿ. ತಡೆದ ಮೇಲೆ ಪುನಃ ಪ್ರಯತ್ನಿಸಲಿಲ್ಲ.
6: ಅದೇ ವಾದಕ್ಕೆ ಲೆಕ್ಕ ಸೇರಿಸಿದ (6:35). ಯಾರ ಮಾತಿಗೆ ಸೇರಿಸುತ್ತಿದ್ದೇನೆಂದು ಹೇಳಬೇಕಿತ್ತು.

ಶ್ವೇತಾ: "ಪ್ರಯತ್ನಿಸಲಿಲ್ಲ" ಎನ್ನುವುದು ನಮಗೆ ಗೊತ್ತಿಲ್ಲ ಅಣ್ಣ. "11:20ರವರೆಗೆ ಮಾತನಾಡಲಿಲ್ಲ" ಎಂದು ಮಾಡಿ.

ರಾಜೇಶ: ಮಾಡಿದೆ. ಉಳಿದ ನಾಲ್ವರದ್ದನ್ನು ಸಂಜೆ ಬರೆಯುತ್ತೇನೆ, ಮಿಕ್ಸಿ ನಿಂತ ಮೇಲೆ.